25 ಫ್ರೇಮ್ ಕ್ಲಿಪ್‌ಗೆ ಸ್ಲೋ ಮೋಷನ್: ಅಕ್ಷತೆ ಶಾಟ್ ಒಂದರ ರಿಪೇರಿ

ಕೈಯಲ್ಲಿರುವುದು ಮದುವೆಯ ಒಂದು ಶಾಟ್. ಎಂಟು ಸೆಕೆಂಡ್ ಉದ್ದ, ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಕ್ಯಾಮೆರಾ ಟ್ರೈಪಾಡ್ ಮೇಲೆ. ಗಟ್ಟಿಮೇಳ ಶುರುವಾಗುತ್ತದೆ, ಜನ ಅಕ್ಷತೆ ಹಿಡಿದ ಕೈ ಎತ್ತುತ್ತಾರೆ, ಎರಚುತ್ತಾರೆ, ಆಮೇಲೆ ವಧು ಮುಖವೆತ್ತಿ ನಗುತ್ತಾಳೆ. ಅಕ್ಷತೆ ಬೀಳುವುದೂ ಆ ನಗುವೂ ನಿಧಾನವಾಗಿ ಕಾಣಬೇಕು, ಮಿಕ್ಕಿದ್ದು ಮಾಮೂಲಿ ವೇಗದಲ್ಲಿ ಓಡಬೇಕು. ಆ ದಿನ 50 ಫ್ರೇಮ್‌ನಲ್ಲಿ ಹಿಡಿದಿರಲಿಲ್ಲ. ಇರುವುದು 200 ಫ್ರೇಮ್‌ಗಳು ಮಾತ್ರ, ಮಾಡುವುದನ್ನೆಲ್ಲ ಅವುಗಳಿಂದಲೇ ಮಾಡಬೇಕು.

ಮೊದಲು ಗೊತ್ತಾಗಬೇಕಾದದ್ದು ಜರ್ಕ್ ಎಲ್ಲಿಂದ ಬರುತ್ತದೆ ಎಂಬುದು. "ಸ್ಲೋ ಮಾಡಿದರೆ ಜರ್ಕ್ ಹೊಡೆಯುತ್ತದೆ" ಎನ್ನುವಾಗ ಹಲವು ಬೇರೆ ಬೇರೆ ತೊಂದರೆಗಳನ್ನು ಒಂದೇ ಹೆಸರಿನಿಂದ ಕರೆದಂತಾಗುತ್ತದೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲ ಪ್ರಯತ್ನ: 40%, ಬೇರೇನೂ ಬದಲಿಸದೆ

ಡಾವಿಂಚಿ ರಿಸಾಲ್ವ್‌ನಲ್ಲಿ 25 ಫ್ರೇಮ್‌ನ ಟೈಮ್‌ಲೈನ್. ಕ್ಲಿಪ್‌ನ ವೇಗ 40%, Retime Process ಅನ್ನು Nearest ಮಾಡಿ ಪ್ಲೇ ಮಾಡಿದರೆ ವಧುವಿನ ತಲೆ ಮೇಲೇಳುವಾಗ ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತದೆ. ಅದೂ ಒಂದೇ ಎತ್ತರದ ಮೆಟ್ಟಿಲಲ್ಲ, ಕುಂಟಿಕೊಂಡು ಹತ್ತಿದ ಹಾಗೆ.

ಬಲಬಾಣದ ಕೀ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ ಎಣಿಸಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಒಂದು ಚಿತ್ರ ಎರಡು ಸಲ ನಿಲ್ಲುತ್ತದೆ, ಮುಂದಿನದು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು. 40% ಎಂದರೆ ಪ್ರತಿ ಫ್ರೇಮ್ ಎರಡೂವರೆ ಸಲ ತೋರಬೇಕು. ಅರ್ಧ ಸಲ ತೋರಿಸಲು ಬರುವುದಿಲ್ಲವಾದ್ದರಿಂದ ಸಾಫ್ಟ್‌ವೇರ್ ಎರಡು, ಮೂರು ಎಂದು ಹಂಚಿಬಿಡುತ್ತದೆ. ಕಣ್ಣು ನಿಧಾನವನ್ನು ಸಹಿಸುತ್ತದೆ, ಲಯ ತಪ್ಪುವುದನ್ನು ಸಹಿಸುವುದಿಲ್ಲ.

ಇಲ್ಲಿ ಬೇಕಾದ ಲೆಕ್ಕ ಒಂದೇ:

```
ಹೆಜ್ಜೆ = ವೇಗ × ಕ್ಲಿಪ್‌ನ ಫ್ರೇಮ್ ರೇಟ್ ÷ ಟೈಮ್‌ಲೈನ್‌ನ ಫ್ರೇಮ್ ರೇಟ್
```

ಟೈಮ್‌ಲೈನ್ ಒಂದು ಫ್ರೇಮ್ ಮುಂದೆ ಹೋದಾಗ ಮೂಲ ಕ್ಲಿಪ್ ಎಷ್ಟು ಫ್ರೇಮ್ ಮುಂದೆ ಹೋಗುತ್ತದೆ ಎಂಬುದೇ ಹೆಜ್ಜೆ. ಅದು 1, ½, ⅓, ¼ ಆಗಿದ್ದರೆ ಪ್ರತಿ ಚಿತ್ರವೂ ಸಮಾನ ಹೊತ್ತು ನಿಲ್ಲುತ್ತದೆ. 0.4, 0.6, 0.7, 0.9 ಆದರೆ ಲಯ ಕೆಡುತ್ತದೆ. ಆದ್ದರಿಂದ 25ರ ಕ್ಲಿಪ್ 25ರ ಟೈಮ್‌ಲೈನ್‌ನಲ್ಲಿದ್ದರೆ ಆರಿಸಬೇಕಾದ ವೇಗಗಳು 50% ಮತ್ತು 33.33%. ನೋಡಲು ಚೊಕ್ಕ ಸಂಖ್ಯೆಗಳಾದ 40, 60, 70 ಇಲ್ಲಿ ಕೆಟ್ಟ ಆಯ್ಕೆಗಳು.

ಮೊಬೈಲ್‌ನ 30 ಫ್ರೇಮ್ ಕ್ಲಿಪ್ ಇದೇ ಟೈಮ್‌ಲೈನ್‌ಗೆ ಬಂದರೆ 50% ಕೂಡ ಕೆಡುತ್ತದೆ. 0.5 × 30 ÷ 25 = 0.6. ಅದಕ್ಕೆ ಸರಿಯಾದ ವೇಗ 41.67%, ಆಗ ಹೆಜ್ಜೆ ½ ಆಗುತ್ತದೆ. ಅಷ್ಟೇ ಅಲ್ಲ, ಅದೇ ಕ್ಲಿಪ್ 100%ನಲ್ಲಿ ಓಡುವಾಗಲೂ ಪ್ರತಿ ಆರನೆಯ ಫ್ರೇಮ್ ಬಿಟ್ಟುಹೋಗುತ್ತಿರುತ್ತದೆ, ಅಂದರೆ ಸೆಕೆಂಡಿಗೆ ಐದು ಜರ್ಕ್. ಧ್ವನಿ ಬೇಡದ ಶಾಟ್ ಆದರೆ 83.33% ಕೊಟ್ಟುಬಿಡುವುದು ಒಳ್ಳೆಯದು. ಹೆಜ್ಜೆ 1 ಆಗುತ್ತದೆ, ಒಂದು ಫ್ರೇಮೂ ಹೋಗುವುದಿಲ್ಲ, ಚಲನೆ ಕೊಂಚ ಮೃದುವಾಗುತ್ತದೆ.

ಮೊಬೈಲ್ ಕ್ಲಿಪ್‌ಗಳಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು. ಎಷ್ಟೋ ಫೋನ್‌ಗಳು ಫ್ರೇಮ್ ರೇಟನ್ನು ಒಂದೇ ಸಮ ಇಡುವುದಿಲ್ಲ, ಬೆಳಕು ಕಡಿಮೆಯಾದಾಗ ತಾವೇ ಇಳಿಸಿಕೊಳ್ಳುತ್ತವೆ. ಪರೀಕ್ಷೆ ಹೀಗೆ:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 clip.mp4
```

ಎರಡು ಸಾಲಿನ ಸಂಖ್ಯೆ ಒಂದೇ ಇದ್ದರೆ ಸರಿ. ಬೇರೆ ಬೇರೆ ಇದ್ದರೆ ಎಡಿಟ್‌ಗೆ ತರುವ ಮೊದಲೇ ಸಮ ಮಾಡಬೇಕು:

```
ffmpeg -i clip.mp4 -fps_mode cfr -r 30 -c:v libx264 -crf 16 -c:a copy clip_cfr.mp4
```

ಇದು ಕಳೆದುಹೋದ ಕ್ಷಣಗಳನ್ನು ಮರಳಿ ತರುವುದಿಲ್ಲ. ಖಾಲಿ ಜಾಗಕ್ಕೆ ಹಿಂದಿನ ಫ್ರೇಮನ್ನೇ ಮತ್ತೆ ಇಡುತ್ತದೆ. ಅಂಥ ಜಾಗ ಸ್ಲೋ ಭಾಗದೊಳಗೆ ಬಂದರೆ ಚಲನೆ ನಿಂತು, ಆಮೇಲೆ ಒಮ್ಮೆಲೆ ಹಾರುತ್ತದೆ. ಆಗ ಆ ಭಾಗವನ್ನು ಸ್ಲೋ ಮಾಡದೆ ಬಿಡುವುದೇ ಸರಿ. ಅಕ್ಷತೆಯ ಕ್ಲಿಪ್‌ನಲ್ಲಿ ಎರಡೂ ಸಾಲು `25/1` ತೋರಿದವು, ಈ ತೊಂದರೆ ಇಲ್ಲಿಲ್ಲ.

ಎರಡನೆಯ ಪ್ರಯತ್ನ: 25%, ಲಯ ಸಮ, ಆದರೂ ಜರ್ಕ್

25%ನಲ್ಲಿ ಹೆಜ್ಜೆ ¼. ಪ್ರತಿ ಚಿತ್ರ ನಾಲ್ಕು ಸಲ ನಿಲ್ಲುತ್ತದೆ, ಲಯದಲ್ಲಿ ಕುಂಟು ಇಲ್ಲ. ಆದರೂ ಅಕ್ಷತೆ ಹರಿಯುವುದಿಲ್ಲ, ಟಕ್ ಟಕ್ ಎಂದು ಇಳಿಯುತ್ತದೆ. ಇದು ಎರಡನೆಯ ತೊಂದರೆ: ಸೆಕೆಂಡಿಗೆ ಸಿಗುತ್ತಿರುವುದು ಆರು ಚಿಲ್ಲರೆ ಬೇರೆ ಚಿತ್ರಗಳು ಮಾತ್ರ.

ಒಂದು ಕಾಳನ್ನು ಹತ್ತಿರದಿಂದ ನೋಡೋಣ. ಸುಮಾರು ಅರ್ಧ ಮೀಟರ್ ಬಿದ್ದ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಹತ್ತಿರಹತ್ತಿರ ಮೂರು ಮೀಟರ್. ಎರಡು ಫ್ರೇಮ್‌ಗಳ ನಡುವಿನ 40 ಮಿಲಿಸೆಕೆಂಡಿನಲ್ಲಿ ಅದು 12 ಸೆಂಟಿಮೀಟರ್ ಇಳಿಯುತ್ತದೆ. ಶಟರ್ 1/50, ಅಂದರೆ 20 ಮಿಲಿಸೆಕೆಂಡ್ ತೆರೆದಿರುತ್ತದೆ. ಹಾಗಾಗಿ ಅಕ್ಕಿಕಾಳು ಕಾಳಾಗಿ ಕಾಣುವುದಿಲ್ಲ, ಆರು ಸೆಂಟಿಮೀಟರ್ ಉದ್ದದ ಹಳದಿ ಗೆರೆಯಾಗಿ ಕಾಣುತ್ತದೆ. ಕೆಳಗೆ ಆರು ಸೆಂಟಿಮೀಟರ್ ಖಾಲಿ, ಮುಂದಿನ ಫ್ರೇಮ್‌ನಲ್ಲಿ ಮತ್ತೊಂದು ಗೆರೆ. ಮಾಮೂಲಿ ವೇಗದಲ್ಲಿ ಈ ಗೆರೆಗಳನ್ನು ಕಣ್ಣು ಜೋಡಿಸಿಕೊಂಡು ಬೀಳುವ ಕಾಳೆಂದು ಓದುತ್ತದೆ. 25%ನಲ್ಲಿ ಒಂದೊಂದು ಗೆರೆ 160 ಮಿಲಿಸೆಕೆಂಡ್ ಗಾಳಿಯಲ್ಲಿ ನೇತಾಡುತ್ತದೆ. ಆಗ ಅದು ಬೀಳುತ್ತಿರುವ ಕಾಳಲ್ಲ, ಅಂಟಿಸಿದ ಗೆರೆ.

ಅದೇ ಕ್ಲಿಪ್‌ನಲ್ಲಿ ವಧುವಿನ ಗಲ್ಲ ಒಂದು ಫ್ರೇಮ್‌ಗೆ ಮೂರು ನಾಲ್ಕು ಪಿಕ್ಸೆಲ್ ಮಾತ್ರ ಸರಿಯುತ್ತದೆ. ಚೌಕಟ್ಟಿನ ಅಗಲ ಎರಡು ಮೀಟರ್ ಆದ್ದರಿಂದ ಕಾಳು ಒಂದು ಫ್ರೇಮ್‌ಗೆ ನೂರು ಪಿಕ್ಸೆಲ್ ದಾಟಿ ಇಳಿಯುತ್ತದೆ. ಒಂದೇ ಶಾಟ್, ಎರಡು ಪೂರ್ತಿ ಬೇರೆ ಸಮಸ್ಯೆಗಳು. ಮುಂದಿನ ಎಲ್ಲ ತೀರ್ಮಾನಗಳೂ ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಮೂರನೆಯ ಪ್ರಯತ್ನ: ಪೂರ್ತಿ ಆಪ್ಟಿಕಲ್ ಫ್ಲೋ

ಆಪ್ಟಿಕಲ್ ಫ್ಲೋ ಮಾಡುವುದು ಇಷ್ಟು: ಎರಡು ಫ್ರೇಮ್‌ಗಳನ್ನು ಹೋಲಿಸಿ ಯಾವ ಚುಕ್ಕೆ ಎಲ್ಲಿಗೆ ಹೋಯಿತೆಂದು ಊಹಿಸಿ, ನಡುವಿನ ಚಿತ್ರವನ್ನು ಹೊಸದಾಗಿ ಹುಟ್ಟಿಸುವುದು. ಗಲ್ಲ, ಕಣ್ಣು, ಸೀರೆಯ ಅಂಚು ನಾಲ್ಕು ಪಿಕ್ಸೆಲ್ ಸರಿದರೆ ಊಹೆ ಸಲೀಸು. ವಧುವಿನ ನಗು 33.33%ನಲ್ಲಿ ನಿಜಕ್ಕೂ ಹೆಚ್ಚು ಫ್ರೇಮ್‌ನಲ್ಲಿ ಹಿಡಿದ ಹಾಗೆಯೇ ಬಂತು.

ಅಕ್ಷತೆಯಲ್ಲಿ ಸೋತಿತು. ಕಾಳು ತನ್ನ ಉದ್ದದ ಹದಿನೈದು ಇಪ್ಪತ್ತು ಪಟ್ಟು ದೂರ ಹಾರಿದೆ, ಸುತ್ತ ಅದರಂಥದ್ದೇ ನೂರಾರು ಕಾಳುಗಳಿವೆ. ಇಲ್ಲಿದ್ದ ಕಾಳು ಅಲ್ಲಿರುವ ಯಾವ ಕಾಳು ಎಂದು ಹೇಳಲು ದಾರಿಯೇ ಇಲ್ಲ. ಪರಿಣಾಮವನ್ನು ಮೂರು ಕಡೆ ಗುರುತಿಸಬಹುದು. ಕೆಲವು ಕಾಳುಗಳು ನಡುದಾರಿಯಲ್ಲಿ ಕರಗಿ ಬೇರೆಡೆ ಹುಟ್ಟುತ್ತವೆ. ಕೆಲವು ಅಡ್ಡಡ್ಡ ಚಲಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಹಿನ್ನೆಲೆಯಲ್ಲಿ ಆಗುತ್ತದೆ: ಕಾಳಿನ ಜೊತೆಗೇ ಅದರ ಹಿಂದಿರುವ ಜರಿಯೂ ಮಂಟಪದ ಹೂವೂ ಎಳೆದಂತೆ ಅಲುಗುತ್ತವೆ, ನೀರಿನ ಮೂಲಕ ನೋಡಿದ ಹಾಗೆ. ವರನ ಪೇಟದ ಅಂಚನ್ನು ನೋಡುತ್ತಿದ್ದರೆ ಇದು ತಕ್ಷಣ ಗೊತ್ತಾಗುತ್ತದೆ. Motion Estimation ಅನ್ನು Enhanced Better ಮಾಡಿದರೂ ಅಲುಗಾಟ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೂಲದಲ್ಲಿ ಇಲ್ಲದ ಮಾಹಿತಿ ಸೆಟ್ಟಿಂಗ್‌ನಿಂದ ಬರುವುದಿಲ್ಲ.

ಇದರ ಮೇಲೆ 81ನೆಯ ಫ್ರೇಮ್‌ನಲ್ಲಿ ಸ್ಟಿಲ್ ಕ್ಯಾಮೆರಾದ ಫ್ಲ್ಯಾಷ್ ಬಿದ್ದಿದೆ. ರೋಲಿಂಗ್ ಶಟರ್‌ನಿಂದಾಗಿ ಚಿತ್ರದ ಮೇಲರ್ಧ ಮಾತ್ರ ಬೆಳ್ಳಗಾಗಿದೆ. ಆಪ್ಟಿಕಲ್ ಫ್ಲೋ ಆ ಬೆಳ್ಳನೆಯ ಪಟ್ಟಿಯನ್ನೂ ಒಂದು ವಸ್ತುವೆಂದೇ ತಿಳಿದು ಅಕ್ಕಪಕ್ಕದ ಚಿತ್ರಗಳಿಗೆ ಕದಡಿತು.

ನಾಲ್ಕನೆಯದು: ತುಂಡಿಗೊಂದು ವಿಧಾನ

ತೀರ್ಮಾನ ಹೀಗೆ. ಅಕ್ಷತೆ ಬೀಳುವ ಭಾಗ 50%ಕ್ಕಿಂತ ನಿಧಾನವಾಗಬಾರದು, ಅದಕ್ಕೆ Frame Blend. ಮುಖದ ಭಾಗ 33.33%, ಅದಕ್ಕೆ Optical Flow. ಬ್ಲೆಂಡ್ ಎರಡು ಫ್ರೇಮ್‌ಗಳನ್ನು ಒಂದರ ಮೇಲೊಂದು ಅರೆಪಾರದರ್ಶಕವಾಗಿ ಇಡುತ್ತದೆ. ಮುಖಕ್ಕೆ ಹೀಗೆ ಮಾಡಿದರೆ ಎರಡು ಮೂಗು ಕಾಣುತ್ತವೆ. ಅಕ್ಷತೆಗೆ ಮಾಡಿದರೆ ಒಂದು ಗೆರೆಯ ಕೆಳಗಿನ ಖಾಲಿಯಾಚೆ ಇನ್ನೊಂದು ತೆಳು ಗೆರೆ ಬರುತ್ತದೆ, ಕಣ್ಣಿಗೆ ಅಕ್ಷತೆ ಕೊಂಚ ದಟ್ಟವಾದಂತೆ ಕಾಣುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲಿದ್ದದ್ದು ಇಲ್ಲಿ ಪುಣ್ಯ. ಕೈಯಲ್ಲಿ ಹಿಡಿದು ತೆಗೆದಿದ್ದರೆ ಒಂದು ಫ್ರೇಮ್ ಚೂಪು, ಮುಂದಿನದು ಮಸುಕು ಎಂದು ಇಡೀ ಚಿತ್ರವೇ ಮಿಡಿಯುತ್ತಿತ್ತು.

ಮೊದಲು ಫ್ಲ್ಯಾಷ್ ತೆಗೆಯಬೇಕು, ವೇಗಕ್ಕೆ ಕೈಹಾಕುವ ಮುನ್ನ. 81ನೆಯ ಫ್ರೇಮನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ 80ನೆಯ ಫ್ರೇಮ್, ಅದರ ಮೇಲಿನ ಟ್ರ್ಯಾಕ್‌ನಲ್ಲಿ 82ನೆಯ ಫ್ರೇಮ್, ಮೇಲಿನದರ Opacity 50. ಹಿಂದಿನ ಫ್ರೇಮನ್ನೇ ಸುಮ್ಮನೆ ನಕಲಿಸಿದರೆ ಅಕ್ಷತೆ ಆ ಕ್ಷಣ ಗಾಳಿಯಲ್ಲಿ ನಿಂತುಬಿಡುತ್ತದೆ. ಆಮೇಲೆ ಇಡೀ ಎಂಟು ಸೆಕೆಂಡನ್ನು 25 ಫ್ರೇಮ್‌ನಲ್ಲೇ ಡಿಎನ್‌ಎಕ್ಸ್‌ಎಚ್‌ಆರ್ ಫೈಲಾಗಿ ತೆಗೆದುಕೊಂಡು, ಮುಂದಿನ ಕೆಲಸವೆಲ್ಲ ಆ ಹೊಸ ಫೈಲಿನ ಮೇಲೆ. ಅಲುಗಾಟ ತೆಗೆಯುವ ಸ್ಟೆಬಿಲೈಸೇಷನ್ ಬೇಕಾಗಿದ್ದರೂ ಅದೂ ಈ ಹಂತದಲ್ಲೇ ಆಗಬೇಕು. ಫ್ರೇಮ್‌ಗಳು ನಕಲಾದ ಮೇಲೆ ಸ್ಟೆಬಿಲೈಸ್ ಮಾಡಲು ಹೋದರೆ ಲೆಕ್ಕ ತಪ್ಪುತ್ತದೆ.

ಧ್ವನಿಯನ್ನೂ ಈಗಲೇ ಬಿಡಿಸಿಕೊಳ್ಳಬೇಕು. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ Link Clips ತೆಗೆದರೆ ಓಲಗ ತನ್ನ ವೇಗದಲ್ಲೇ ಉಳಿಯುತ್ತದೆ. ಚಿತ್ರ ಹಿಗ್ಗುವುದರಿಂದ ಗಟ್ಟಿಮೇಳದ ಧ್ವನಿಯನ್ನು ಬೇರೆ ಉದ್ದದ ರೆಕಾರ್ಡಿಂಗ್‌ನಿಂದ ಹಾಸಬೇಕಾಗುತ್ತದೆ.

ರ‍್ಯಾಂಪ್ ಎಲ್ಲಿ, ಎಷ್ಟು ಉದ್ದ

ವೇಗ ಒಮ್ಮೆಲೆ ಬದಲಾಗದೆ ಮೆಲ್ಲಗೆ ಬದಲಾಗುವ ಭಾಗವೇ ರ‍್ಯಾಂಪ್. ವೇಗ 100%ನಿಂದ 50%ಗೆ ಇಳಿಯುವ ದಾರಿಯಲ್ಲಿ 90, 80, 70 ಎಲ್ಲವನ್ನೂ ಹಾಯಬೇಕು. ಇವೆಲ್ಲ ಲಯ ಕೆಡಿಸುವ ವೇಗಗಳೇ. 90%ನಲ್ಲಿ ಹತ್ತು ಫ್ರೇಮ್‌ಗೊಮ್ಮೆ ಒಂದು ನಕಲು ಬಂದು ಎಡವಿದ ಹಾಗಾಗುತ್ತದೆ. ಸ್ಪೀಡ್ ರ‍್ಯಾಂಪ್‌ನಲ್ಲಿ "ತಿರುವಿನಲ್ಲಿ ಮಾತ್ರ ಜರ್ಕ್" ಎಂಬ ದೂರಿನ ಮೂಲ ಇದು. ಇದಕ್ಕೆ ಎರಡು ಉಪಾಯ: ರ‍್ಯಾಂಪ್ ಇರುವ ತುಂಡಿಗೆ ಆಪ್ಟಿಕಲ್ ಫ್ಲೋ ಕೊಡುವುದು, ಮತ್ತು ರ‍್ಯಾಂಪನ್ನು ಚಿತ್ರದಲ್ಲಿ ಚಲನೆ ಅತಿ ಕಡಿಮೆ ಇರುವ ಕ್ಷಣಕ್ಕೆ ಇಡುವುದು. ಈ ಕ್ಲಿಪ್‌ನಲ್ಲಿ 48ರಿಂದ 66ನೆಯ ಫ್ರೇಮ್‌ವರೆಗೆ ಜನ ಕೈ ಎತ್ತಿ ಹಿಡಿದು ಕಾಯುತ್ತಿದ್ದಾರೆ, ಎರಚುವುದು 66ರಿಂದ. ರ‍್ಯಾಂಪ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಎರಚುವ ಕೈಯ ಮೇಲೆಯೇ ರ‍್ಯಾಂಪ್ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಕೈ ಅತಿ ವೇಗದಲ್ಲಿರುವುದು ಆಗಲೇ.

ಇನ್ನು ಉದ್ದ. ಒಂದು ಸೆಕೆಂಡ್ ಇರಲಿ ಎಂದು 25 ಫ್ರೇಮ್ ಕೊಟ್ಟರೆ ಒಂದು ಕಾಣದ ತಪ್ಪು ನುಸುಳುತ್ತದೆ. 100 ಮತ್ತು 50ರ ಸರಾಸರಿ 75%. 25ರ 75% ಎಂದರೆ ಮೂಲದ 18.75 ಫ್ರೇಮ್. ರ‍್ಯಾಂಪ್ ಮುಗಿದು 50% ಶುರುವಾಗುವಾಗ ನಾವು ನಿಂತಿರುವುದು ಮುಕ್ಕಾಲು ಫ್ರೇಮ್ ಮೇಲೆ. ಅಲ್ಲಿಂದ ಅರ್ಧರ್ಧ ಹೆಜ್ಜೆ ಹಾಕುತ್ತ ಹೋದರೆ .75, .25, .75, .25 ಎನ್ನುತ್ತ ಒಂದು ಸಲವೂ ಪೂರ್ಣ ಫ್ರೇಮ್ ತಗಲುವುದಿಲ್ಲ. ಆಪ್ಟಿಕಲ್ ಫ್ಲೋ ಇದ್ದರೆ ತೆರೆಯ ಮೇಲಿನ ಪ್ರತಿ ಚಿತ್ರವೂ ಊಹೆಯದೇ, ಅಸಲಿ ಒಂದೂ ಇಲ್ಲ. 24 ಫ್ರೇಮ್ ಕೊಟ್ಟರೆ ಮೂಲದ 18 ಫ್ರೇಮ್ ಸರಿಯಾಗಿ ಮುಗಿಯುತ್ತದೆ, ಮುಂದೆ ಒಂದು ಬಿಟ್ಟು ಒಂದು ಚಿತ್ರ ಅಸಲಿ. 100ರಿಂದ 50ಕ್ಕೆ ಇಳಿಯುವ ರ‍್ಯಾಂಪ್ ಯಾವಾಗಲೂ ನಾಲ್ಕರಿಂದ ಭಾಗವಾಗುವಷ್ಟು ಫ್ರೇಮ್ ಇರಲಿ. 50ರಿಂದ 33.33ಕ್ಕೆ 12 ಫ್ರೇಮ್ ಕೊಟ್ಟರೆ ಮೂಲದ 5 ಫ್ರೇಮ್, 33.33ರಿಂದ 100ಕ್ಕೆ 18 ಕೊಟ್ಟರೆ 12 ಫ್ರೇಮ್.

ಕಟ್ಟಿದ್ದು ಹೀಗೆ. ಎಡಬದಿ ಮೂಲದ ಫ್ರೇಮ್, ಬಲಬದಿ ಟೈಮ್‌ಲೈನ್‌ನಲ್ಲಿ ಅದು ಹಿಡಿಯುವ ಉದ್ದ:

```
0–48      100%             48
48–66     100 → 50%        24
66–110    50%              88
110–115   50 → 33.33%      12
115–160   33.33%           135
160–172   33.33 → 100%     18
172–200   100%             28
```

ಒಟ್ಟು 353 ಫ್ರೇಮ್, ಹದಿನಾಲ್ಕು ಸೆಕೆಂಡಿಗೆ ಸ್ವಲ್ಪ ಹೆಚ್ಚು.

ರಿಸಾಲ್ವ್‌ನಲ್ಲಿ ಕ್ಲಿಪ್ ಆರಿಸಿ `Ctrl+R` ಒತ್ತಿದರೆ Retime Controls ತೆರೆಯುತ್ತದೆ. ಮೂಲದ 60, 113, 163ನೆಯ ಫ್ರೇಮ್‌ಗಳಲ್ಲಿ Add Speed Point. ಇವು ರ‍್ಯಾಂಪ್‌ನ ಆರಂಭವಲ್ಲ, ಟೈಮ್‌ಲೈನ್ ಲೆಕ್ಕದಲ್ಲಿ ರ‍್ಯಾಂಪ್‌ನ ನಡುಬಿಂದು. ತುಂಡುಗಳಿಗೆ ವೇಗ ಕೊಟ್ಟ ಮೇಲೆ ರೈಟ್ ಕ್ಲಿಕ್‌ನಲ್ಲಿ Retime Curve ತೆಗೆದು, ಅದರಲ್ಲಿ Retime Speed ಆರಿಸಿ, ಪ್ರತಿ ಬಿಂದುವನ್ನೂ ವಕ್ರ ಮಾಡಬೇಕು. ಹಿಡಿಕೆಗಳು ಎರಡೂ ಬದಿಗೆ ಸಮ ಉದ್ದ ಇರಲಿ: ಮೊದಲನೆಯದಕ್ಕೆ ಹನ್ನೆರಡು ಹನ್ನೆರಡು, ಎರಡನೆಯದಕ್ಕೆ ಆರಾರು, ಮೂರನೆಯದಕ್ಕೆ ಒಂಬತ್ತೊಂಬತ್ತು ಫ್ರೇಮ್. ಸಮ ಇದ್ದರೆ ಒಂದು ಬದಿ ಕಳೆದಷ್ಟನ್ನು ಇನ್ನೊಂದು ಬದಿ ಕೂಡಿಸುತ್ತದೆ, ಲೆಕ್ಕ ಕದಲುವುದಿಲ್ಲ. ಒಂದೇ ಬದಿ ಎಳೆದರೆ ಮುಂದಿನದೆಲ್ಲ ಕಾಲು ಅರ್ಧ ಫ್ರೇಮ್ ಜಾರುತ್ತದೆ.

ಇಷ್ಟಾದ ಮೇಲೆ, ಮೊದಲಲ್ಲ, ಟೈಮ್‌ಲೈನ್‌ನ 72 ಮತ್ತು 160ನೆಯ ಫ್ರೇಮ್‌ಗಳಲ್ಲಿ ಬ್ಲೇಡ್ ಹಾಕಬೇಕು. Retime Process ಎಂಬುದು ಒಂದು ಕ್ಲಿಪ್‌ಗೆ ಒಂದೇ. ಮೂರು ತುಂಡಾದರೆ ಒಂದೊಂದಕ್ಕೆ ಬೇರೆ ಬೇರೆ ಕೊಡಬಹುದು: ಮೊದಲ ತುಂಡಿಗೆ Optical Flow, ನಡುವಿನದಕ್ಕೆ Frame Blend, ಕೊನೆಯದಕ್ಕೆ Optical Flow. ಮೊದಲೇ ತುಂಡು ಮಾಡಿ ಆಮೇಲೆ ವೇಗ ಬದಲಿಸಲು ಹೋದರೆ ರ‍್ಯಾಂಪ್‌ಗಳು ತುಂಡಿನ ಅಂಚಿಗೆ ತಾಗಿ ವಕ್ರ ಸರಿಯಾಗಿ ಕೂರುವುದಿಲ್ಲ.

ನೋಡುವಾಗ ಕಂಪ್ಯೂಟರ್ ಹಿಂದೆ ಬಿದ್ದು ಫ್ರೇಮ್ ಬಿಡುತ್ತಿದ್ದರೆ ಅದೂ ಜರ್ಕ್‌ನಂತೆಯೇ ಕಾಣುತ್ತದೆ. Playback ಮೆನುವಿನ Render Cache ಅನ್ನು Smart ಮಾಡಿ, ಟೈಮ್‌ಲೈನ್ ಮೇಲಿನ ಕೆಂಪು ಗೆರೆ ನೀಲಿಯಾಗುವವರೆಗೆ ಕಾದು ಆಮೇಲೆ ತೀರ್ಪು ಕೊಡಬೇಕು. ಎಕ್ಸ್‌ಪೋರ್ಟ್ ಕೂಡ 25ರಲ್ಲೇ ಇರಲಿ. ಇಲ್ಲಿ 30 ಆರಿಸಿದರೆ ಸೆಕೆಂಡಿಗೆ ಐದು ನಕಲು ಫ್ರೇಮ್ ಸೇರಿಕೊಂಡು, ಕಟ್ಟಿದ ಲಯವೆಲ್ಲ ಕೊನೆಯ ಹೆಜ್ಜೆಯಲ್ಲಿ ಕೆಡುತ್ತದೆ.

ಸಿಕ್ಕಿದ್ದು, ಸಿಗದದ್ದು

ಕೈ ಎತ್ತುವುದರಿಂದ ನಿಧಾನಕ್ಕೆ ಇಳಿಯುವ ತಿರುವು ಈಗ ಗೊತ್ತೇ ಆಗುವುದಿಲ್ಲ. ನಗು ಚೆನ್ನಾಗಿದೆ. ಅದರಲ್ಲಿ ಒಂದೇ ಕಲೆ: ಎಲ್ಲ ಮುಗಿದ ಮೇಲೆ ತಡವಾಗಿ ಬಿದ್ದ ಒಂದೆರಡು ಕಾಳು ವಧುವಿನ ಕೆನ್ನೆಯ ಮುಂದೆ ಹಾದಾಗ ಕೆನ್ನೆ ಕ್ಷಣಕಾಲ ಕುಳಿಬೀಳುತ್ತದೆ. ಅಂಥ ಮೂರು ನಾಲ್ಕು ಮೂಲ ಫ್ರೇಮ್‌ಗಳ ಭಾಗವನ್ನು ಬ್ಲೇಡ್‌ನಿಂದ ಬೇರ್ಪಡಿಸಿ Frame Blend ಕೊಟ್ಟರೆ ಸಾಕು, ಅಷ್ಟು ಕಡಿಮೆ ಹೊತ್ತಿನಲ್ಲಿ ಮುಖದ ಮಸುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಷತೆ ಬೀಳುವ ಭಾಗ 50%ನಲ್ಲಿ ಒಪ್ಪುವಂತಿದೆ, ಆದರೆ ಕಾಳು ಕಾಳಾಗಿ ತೇಲುವ ನೋಟ ಈ ಕ್ಲಿಪ್‌ನಿಂದ ಯಾವ ವಿಧಾನದಲ್ಲೂ ಬರುವುದಿಲ್ಲ. ಆರು ಸೆಂಟಿಮೀಟರ್ ಗೆರೆಯನ್ನು ಮತ್ತೆ ಕಾಳು ಮಾಡುವ ಗುಂಡಿ ಇಲ್ಲ.

ಅದು ಬೇಕಿದ್ದರೆ ಹಿಡಿಯುವಾಗಲೇ 50 ಫ್ರೇಮ್, ಶಟರ್ 1/100. ಗೆರೆ ಮೂರು ಸೆಂಟಿಮೀಟರ್‌ಗೆ ಇಳಿಯುತ್ತದೆ, 25ರ ಟೈಮ್‌ಲೈನ್‌ನಲ್ಲಿ 50% ವೇಗಕ್ಕೆ ಹೆಜ್ಜೆ 1 ಆಗುತ್ತದೆ, ಅಂದರೆ ಪ್ರತಿ ಫ್ರೇಮ್ ಅಸಲಿ. 60 ಫ್ರೇಮ್ ಇನ್ನೂ ಹೆಚ್ಚಲ್ಲವೇ ಎಂದು ಅದನ್ನು ಆರಿಸಿದರೆ ಕಲ್ಯಾಣ ಮಂಟಪದ ದೀಪಗಳು ಅಡ್ಡ ಬರುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಮಿಡಿಯುವುದು ಸೆಕೆಂಡಿಗೆ 100 ಸಲ. 1/50 ಮತ್ತು 1/100 ಶಟರ್‌ಗೆ ಪ್ರತಿ ಫ್ರೇಮ್‌ನಲ್ಲೂ ಸಮಾನ ಬೆಳಕು ಸಿಗುತ್ತದೆ. 60 ಫ್ರೇಮ್‌ಗೆ ಜೊತೆಯಾಗುವ 1/120ರಲ್ಲಿ ಒಂದು ಫ್ರೇಮ್ ಬೆಳಗಿ ಇನ್ನೊಂದು ಮಂಕಾಗುತ್ತದೆ, ಸ್ಲೋ ಮಾಡಿದಾಗ ಆ ಮಿಣುಕು ಎದ್ದು ಕಾಣುತ್ತದೆ. 60ರಲ್ಲೇ ಹಿಡಿಯಬೇಕಾಗಿ ಬಂದರೆ ಶಟರ್ 1/100ರಲ್ಲೇ ಇಟ್ಟು, 25ರ ಟೈಮ್‌ಲೈನ್‌ನಲ್ಲಿ 41.67% ಕೊಡಬೇಕು.